ನನ್ನ ಹೆಸರಲ್ಲೇ ತಿಪ್ಪೆ ಇದೆ

ನನ್ನ ಹೆಸರು ತಿಪ್ಪೇಸ್ವಾಮಿ. ಚಿತ್ರದುರ್ಗದ ಬಸ್ಸಲ್ಲಿ ಈ ಹೆಸರು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಬೆಂಗಳೂರಿನ ಆಫೀಸಿನಲ್ಲಿ ಮಾತ್ರ ಯಾರಾದರೂ ಕಿಸಕ್ಕನೆ ನಗುತ್ತಾರೆ. ಅದಕ್ಕೇ ಮೂರು ವರ್ಷ ಬರೀ 'ಸ್ವಾಮಿ' ಅಂತ ಹೇಳಿಕೊಂಡೆ. ಸ್ವಾಮಿ ಅನ್ನೋರು ಆಫೀಸಿನಲ್ಲಿ ಇನ್ನೂ ಇಬ್ಬರಿದ್ದರು, ನಾನು ಯಾರಿಗೂ ನೆನಪಿರಲಿಲ್ಲ.

ಪೂರ್ತಿ ಹೆಸರು ಮೊದಲು ಹೇಳಿದ್ದು ಒಂದು ಟ್ರೈನಿಂಗಿನಲ್ಲಿ, ಎಲ್ಲರೂ ಸರದಿಯಲ್ಲಿ ತಮ್ಮ ಪರಿಚಯ ಹೇಳಿಕೊಳ್ಳುವಾಗ. ನಮ್ಮ ಕಡೆಯ ಸಂತ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ, ಅವರ ಜಾತ್ರೆ, ತೇರು, ಕಟ್ಟಿಸಿದ ಕೆರೆಗಳು, 'ಮಾಡಿದಷ್ಟು ನೀಡು ಭಿಕ್ಷೆ' ಅನ್ನೋ ಮಾತು, ಎಲ್ಲ ಹೇಳಿ ಮುಗಿಸೋ ಹೊತ್ತಿಗೆ ಎರಡು ನಿಮಿಷ ದಾಟಿತ್ತು, ಪಕ್ಕದವನು ಮೊಬೈಲ್ ತೆಗೆದಿದ್ದ.

ಎರಡನೇ ಸಲ ಅಜ್ಜಿ ಹೇಳಿದ್ದ ಕಥೆ ಹೇಳಿದೆ. ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವಿಗೆ ತಿಪ್ಪ, ಗುಂಡ, ಕಲ್ಲ ಅಂತ ಹೆಸರಿಡುತ್ತಿದ್ದರು. ಇಂಥ ಹೆಸರಿನ ಮಗು ಸಾವಿಗೂ ಬೇಡ ಅನ್ನೋ ನಂಬಿಕೆ. ನನಗಿಂತ ಮುಂಚೆ ಹುಟ್ಟಿದ ಇಬ್ಬರು ಉಳಿದಿರಲಿಲ್ಲ. ಕಥೆ ನಿಜ, ಆದರೆ ಇಡೀ ರೂಮು ಗಪ್‌ಚುಪ್ ಆಯಿತು. ನನ್ನ ನಂತರ ಮಾತಾಡಬೇಕಿದ್ದ ಹುಡುಗಿ ಪಾಪ, ತನಗೆ ಕೇಕ್ ಮಾಡೋದು ಇಷ್ಟ ಅಂತ ಹೇಳೋಕೂ ಹಿಂಜರಿದಳು.

ಎರಡೂ ಸಲ ಆದ ತಪ್ಪು ಒಂದೇ. ಹೆಸರಿನ ಕಥೆ ಚೆನ್ನಾಗಿತ್ತು, ಆದರೆ ಅದರಲ್ಲಿ ನಾನು ಮಾಡೋ ಕೆಲಸವೇ ಇರಲಿಲ್ಲ. ನಾನಿರೋದು ಆಡಿಟ್‌ನಲ್ಲಿ, ಬೇರೆಯವರ ಲೆಕ್ಕ ಕೆದಕೋದು ನನ್ನ ಕೆಲಸ. ಅದನ್ನೂ ಹೆಸರನ್ನೂ ಸೇರಿಸೋ ಮಾತು ಡಿಕ್ಷನರಿಯಲ್ಲಿ ಹುಡುಕಬೇಕಾಗಿರಲಿಲ್ಲ, ನಮ್ಮ ಬಾಯಲ್ಲೇ ಇತ್ತು. ಮೂರನೇ ಸಲ ಹೀಗೆ ಶುರು ಮಾಡಿದೆ:

"ನನ್ನ ಹೆಸರು ತಿಪ್ಪೇಸ್ವಾಮಿ. ಹೆಸರಲ್ಲಿ ತಿಪ್ಪೆ ಇದೆ, ಲೆಕ್ಕದಲ್ಲಿ ಮಾತ್ರ ತಿಪ್ಪೆ ಸಾರಿಸಲ್ಲ. ಆಡಿಟ್‌ನಲ್ಲಿ ಒಂಬತ್ತು ವರ್ಷದಿಂದ ಇದೀನಿ."

ಹತ್ತು ಸೆಕೆಂಡೂ ಆಗಲ್ಲ. ಆದರೆ 'ತಿಪ್ಪೆ ಇದೆ' ಅಂದಮೇಲೆ ಒಂದು ಕ್ಷಣ ನಿಲ್ಲಬೇಕು, ಜನ ನಗೋದು ಅಲ್ಲೇ. ಅವರು ನಗೋ ಮುಂಚೆ ನಾನೇ ಆ ಪದ ಹೇಳಿಬಿಟ್ಟರೆ ಆ ನಗುವಿನಲ್ಲಿ ಚುಚ್ಚೋದೇನೂ ಇರಲ್ಲ, ಅಲ್ವಾ? ನಗು ಇಳಿಯೋ ಮುಂಚೆಯೇ ಕೆಲಸದ ಮಾತಿಗೆ ಬರಬೇಕು. ಒಮ್ಮೆ ಖುಷಿಯಾಗಿ ಇನ್ನೊಂದು ಜೋಕು ಸೇರಿಸಿದೆ, ಆಮೇಲೆ ನಾನು ಏನು ಕೆಲಸ ಮಾಡ್ತೀನಿ ಅಂತ ಒಬ್ಬರೂ ಕೇಳಲಿಲ್ಲ.

ಕನ್ನಡ ಬರದವರ ಮುಂದೆ ಇದು ಪೂರ್ತಿ ಠುಸ್. 'ತಿಪ್ಪೆ ಸಾರಿಸೋದು' ಅಂದರೆ ತಪ್ಪು ಮುಚ್ಚಿಹಾಕೋದು ಅಂತ ಬಿಡಿಸಿ ಹೇಳೋಕೆ ಹೋದರೆ ಮತ್ತೆ ಎರಡು ನಿಮಿಷ. ಅಲ್ಲಿ ಗೊಬ್ಬರದ ದಾರಿ ಹಿಡಿಯುತ್ತೇನೆ: "ನನ್ನ ಹೆಸರಿನ ಅರ್ಥ ಗೊಬ್ಬರದ ಗುಡ್ಡೆಯ ಒಡೆಯ. ಎಲ್ಲರೂ ಎಸೆದ ಕಾಗದದಲ್ಲಿ ಉಪಯೋಗಕ್ಕೆ ಬರೋದು ಹುಡುಕೋದು ನನ್ನ ಕೆಲಸ." ನಗು ಸ್ವಲ್ಪ ಕಮ್ಮಿ, ಆದರೆ ನಡೆಯುತ್ತೆ.

ಹೋದ ತಿಂಗಳು ಟೀ ಬ್ರೇಕಿನಲ್ಲಿ ಪರ್ಚೇಸ್‌ನವರೊಬ್ಬರು ಫೈಲ್ ಹಿಡಿದುಕೊಂಡು ಬಂದರು. "ತಿಪ್ಪೇಸ್ವಾಮಿಯವರೇ, ಈ ಬಿಲ್ ನೋಡಿಬಿಡಿ. ಸ್ವಲ್ಪ ಸಾರಿಸಿದ್ರೂ ಬೇಜಾರಿಲ್ಲ!"