‘ಅಲ್ಲ’ವೋ ‘ಇಲ್ಲ’ವೋ: ಕ್ರಿಯಾಪದವಿಲ್ಲದ ಶ್ಲೋಕಗಳನ್ನು ಕನ್ನಡಕ್ಕೆ ತರುವಾಗ

ವೇದಾಂತದ ಸ್ತೋತ್ರಗಳನ್ನೂ ಕಾರಿಕೆಗಳನ್ನೂ ಕನ್ನಡ ಗದ್ಯಕ್ಕೆ ತರುವಾಗ ನನ್ನನ್ನು ಹೆಚ್ಚು ಕಾಡಿದ್ದು ಉದ್ದುದ್ದದ ಸಮಾಸಗಳಲ್ಲ, ಶ್ಲೋಕದಲ್ಲಿ ಇಲ್ಲದೇ ಇರುವ ಕ್ರಿಯಾಪದ. ಸಂಸ್ಕೃತದಲ್ಲಿ ಎರಡು ನಾಮಪದಗಳನ್ನು ಪ್ರಥಮಾ ವಿಭಕ್ತಿಯಲ್ಲಿ ಅಕ್ಕಪಕ್ಕ ಇಟ್ಟರೆ ವಾಕ್ಯ ಮುಗಿಯಿತು. ಹೇಳದೇ ಇದ್ದರೂ ‘ಅಸ್ತಿ’ ಎಂಬುದು ಅಲ್ಲಿ ಇದ್ದೇ ಇರುತ್ತದೆ ಎಂದು ಕಾತ್ಯಾಯನರ ವಾರ್ತಿಕವೊಂದು ಹೇಳುತ್ತದೆ. ‘ಅಸ್ತಿರ್ಭವಂತೀಪರಃ ಪ್ರಥಮಪುರುಷೋಽಪ್ರಯುಜ್ಯಮಾನೋಽಪ್ಯಸ್ತಿ’ ಎಂಬ ಆ ಮಾತು ಮಹಾಭಾಷ್ಯದಲ್ಲಿದೆ. ಭವಂತೀ ಎಂದರೆ ವರ್ತಮಾನ ಕಾಲ.

ಕನ್ನಡಿಗರಿಗೆ ಇದು ಹೊಸತೇನಲ್ಲ. ‘ಅವನು ರಾಮ’ ಎನ್ನುವಾಗ ನಾವೂ ಕ್ರಿಯಾಪದ ಬಳಸುವುದಿಲ್ಲ. ‘ಅಯಮಾತ್ಮಾ ಬ್ರಹ್ಮ’ ಎಂಬುದನ್ನು ‘ಈ ಆತ್ಮ ಬ್ರಹ್ಮ’ ಎಂದರೆ ಸಾಕು, ಏನನ್ನೂ ತುಂಬಬೇಕಾಗಿಲ್ಲ. ಆದರೆ ಈ ಸಲಿಗೆ ‘ನ’ಕಾರ ಬರುವವರೆಗೆ ಮಾತ್ರ. ಸಂಸ್ಕೃತಕ್ಕೆ ಇರುವುದು ಒಂದೇ ‘ನ’. ನಮಗೆ ‘ಅಲ್ಲ’ ಬೇರೆ, ‘ಇಲ್ಲ’ ಬೇರೆ. ‘ಇದು ಅದಲ್ಲ’ ಎಂದು ತಾದಾತ್ಮ್ಯವನ್ನು ನಿರಾಕರಿಸುವುದು ಒಂದು, ‘ಅದು ಇಲ್ಲ’ ಎಂದು ಇರವನ್ನೇ ನಿರಾಕರಿಸುವುದು ಇನ್ನೊಂದು. ಶ್ಲೋಕ ಬಾಯಿ ಬಿಡದ ಕಡೆಯಲ್ಲೂ ಕನ್ನಡ ಅನುವಾದಕ ಎರಡರಲ್ಲಿ ಒಂದನ್ನು ಆರಿಸಲೇಬೇಕು.

ಶಂಕರರ ಹೆಸರಿನಲ್ಲಿ ಪ್ರಚಲಿತವಾಗಿರುವ ನಿರ್ವಾಣಷಟ್ಕವನ್ನೇ ತೆಗೆದುಕೊಳ್ಳಿ. ಛಂದಸ್ಸು ಭುಜಂಗಪ್ರಯಾತ, ಪಾದಕ್ಕೆ ನಾಲ್ಕು ಯಗಣ. ಯಗಣವೆಂದರೆ ಒಂದು ಲಘು, ಎರಡು ಗುರು. ‘ನ ಪುಣ್ಯಂ’ ಎಂದಾಗ ಒಂದು ಗಣ ತುಂಬುತ್ತದೆ, ‘ನ ಪಾಪಂ’ ಎಂದಾಗ ಇನ್ನೊಂದು. ಒಂದೊಂದು ಗಣವೂ ಒಂದೊಂದು ವಾಕ್ಯ. ಕ್ರಿಯಾಪದವನ್ನು ತೂರಿಸಲು ಅಲ್ಲಿ ಜಾಗವೇ ಇಲ್ಲ.

ಮೊದಲ ಶ್ಲೋಕದಲ್ಲಿ ಗೊಂದಲವಿಲ್ಲ. ‘ಮನೋಬುದ್ಧ್ಯಹಂಕಾರಚಿತ್ತಾನಿ ನಾಹಂ’ ಎಂಬಲ್ಲಿ ‘ಅಹಂ’ ಪ್ರಥಮಾ ವಿಭಕ್ತಿಯಲ್ಲಿ ಎದುರಿಗೇ ನಿಂತಿದೆ. ಮನಸ್ಸು, ಬುದ್ಧಿ, ಅಹಂಕಾರ, ಚಿತ್ತ ಇವು ನಾನಲ್ಲ. ಎರಡನೆಯ ಶ್ಲೋಕದ ‘ನ ಚ ಪ್ರಾಣಸಂಜ್ಞಃ’ ಎಂಬಲ್ಲಿ ‘ಅಹಂ’ ಪಕ್ಕದಲ್ಲಿಲ್ಲ, ಪಲ್ಲವಿಯಂತೆ ಮರಳಿ ಬರುವ ‘ಶಿವೋಽಹಂ’ನಿಂದ ಅದನ್ನು ತಂದುಕೊಳ್ಳಬೇಕು. ಆದರೂ ಪದದ ಲಿಂಗವೇ ದಾರಿ ತೋರಿಸುತ್ತದೆ. ‘ಪ್ರಾಣಸಂಜ್ಞಃ’ ಎಂಬುದು ಬಹುವ್ರೀಹಿ, ‘ಪ್ರಾಣವೆಂಬ ಹೆಸರುಳ್ಳವನು’ ಎಂದು ಪುಲ್ಲಿಂಗದಲ್ಲಿ ‘ಅಹಂ’ಗೆ ಹೊಂದಿಕೊಂಡಿದೆ. ಆದ್ದರಿಂದ ಇಲ್ಲಿಯೂ ‘ಅಲ್ಲ’.

ಮೂರನೆಯದರಲ್ಲಿ ರಾಗ ಬದಲಾಗುತ್ತದೆ: ‘ನ ಮೇ ದ್ವೇಷರಾಗೌ ನ ಮೇ ಲೋಭಮೋಹೌ’. ‘ಅಹಂ’ ಹೋಗಿ ‘ಮೇ’ ಬಂತು. ನನಗೆ ರಾಗದ್ವೇಷಗಳಿಲ್ಲ, ಲೋಭಮೋಹಗಳಿಲ್ಲ. ಅದೇ ಶ್ಲೋಕದ ‘ನ ಧರ್ಮೋ ನ ಚಾರ್ಥೋ ನ ಕಾಮೋ ನ ಮೋಕ್ಷಃ’ ಎಂಬ ಪಾದದಲ್ಲಿ ‘ಮೇ’ ಇಲ್ಲದಿದ್ದರೂ ಹಿಂದಿನ ಎರಡು ಪಾದಗಳ ‘ಮೇ’ ಇಲ್ಲಿಗೂ ಹರಿದು ಬರುತ್ತದೆ. ಅನೇಕ ಅನುವಾದಗಳು ಇಲ್ಲಿ ‘ನಾನು ಧರ್ಮವಲ್ಲ, ಅರ್ಥವಲ್ಲ’ ಎಂದು ಮೊದಲ ಶ್ಲೋಕದ ಲಯದಲ್ಲೇ ತೇಲಿಹೋಗುತ್ತವೆ. ಕೇಳಲು ಸೊಗಸು, ಅರ್ಥ ಮಾತ್ರ ಸಡಿಲ.

ನಿಜವಾದ ಇಕ್ಕಟ್ಟು ನಾಲ್ಕನೆಯದರಲ್ಲಿ:

ನ ಪುಣ್ಯಂ ನ ಪಾಪಂ ನ ಸೌಖ್ಯಂ ನ ದುಃಖಂ
ನ ಮಂತ್ರೋ ನ ತೀರ್ಥಂ ನ ವೇದಾ ನ ಯಜ್ಞಾಃ
ಅಹಂ ಭೋಜನಂ ನೈವ ಭೋಜ್ಯಂ ನ ಭೋಕ್ತಾ

ಮೊದಲ ಎರಡು ಪಾದಗಳಲ್ಲಿ ‘ಮೇ’ಯೂ ಇಲ್ಲ, ‘ಅಹಂ’ ಕೂಡ ಇಲ್ಲ. ಹಿಂದಿನ ಶ್ಲೋಕದ ‘ಮೇ’ಯನ್ನು ಎಳೆದರೆ ‘ಇಲ್ಲ’ ಬರುತ್ತದೆ, ಮುಂದಿನ ಪಾದದ ‘ಅಹಂ’ ಅನ್ನು ಎಳೆದರೆ ‘ಅಲ್ಲ’. ವ್ಯಾಕರಣ ಎರಡಕ್ಕೂ ಒಪ್ಪುತ್ತದೆ. ಇಂಥ ಕಡೆ ನಾನು ಅಧ್ಯಾಸದ ಕಡೆಯಿಂದ ನೋಡುತ್ತೇನೆ. ‘ಅಲ್ಲ’ ಎಂದು ಹೇಳಬೇಕಾದರೆ ಅದನ್ನು ಯಾರಾದರೂ ‘ನಾನು’ ಎಂದು ಭ್ರಮಿಸಿರಬೇಕು. ದೇಹವನ್ನು, ಮನಸ್ಸನ್ನು, ಉಣ್ಣುವ ಭೋಕ್ತೃವನ್ನು ಜನ ‘ನಾನು’ ಎಂದುಕೊಳ್ಳುತ್ತಾರೆ. ಪುಣ್ಯವನ್ನು ಯಾರೂ ‘ನಾನು’ ಎಂದುಕೊಳ್ಳುವುದಿಲ್ಲ, ‘ನನ್ನದು’ ಎಂದುಕೊಳ್ಳುತ್ತಾರೆ. ಹಾಗಾಗಿ ಮೊದಲ ಎರಡು ಪಾದಗಳಿಗೆ ‘ಇಲ್ಲ’, ಮೂರನೆಯದಕ್ಕೆ ‘ಅಲ್ಲ’:

ನನಗೆ ಪುಣ್ಯವಿಲ್ಲ, ಪಾಪವಿಲ್ಲ, ಸುಖವಿಲ್ಲ, ದುಃಖವಿಲ್ಲ. ಮಂತ್ರವಿಲ್ಲ, ತೀರ್ಥವಿಲ್ಲ, ವೇದಗಳಿಲ್ಲ, ಯಜ್ಞಗಳಿಲ್ಲ. ನಾನು ಊಟವಲ್ಲ, ಉಣ್ಣುವ ವಸ್ತುವಲ್ಲ, ಉಣ್ಣುವವನೂ ಅಲ್ಲ.

‘ಭೋಜನಂ’ ತನ್ನಷ್ಟಕ್ಕೆ ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ ಎಂದು ಆಕ್ಷೇಪಿಸಬಹುದು, ಊಟವನ್ನು ‘ನಾನು’ ಎನ್ನುವವರು ಯಾರು? ಆದರೆ ಅಲ್ಲಿ ‘ಅಹಂ’ ಕಣ್ಣಿಗೇ ಕಾಣುತ್ತಿದೆ. ಪದ ಇರುವ ಕಡೆ ತರ್ಕಕ್ಕೆ ಕೆಲಸವಿಲ್ಲ, ಪದ ಇಲ್ಲದ ಕಡೆ ಮಾತ್ರ ನನ್ನ ಪರೀಕ್ಷೆ. ಐದನೆಯ ಶ್ಲೋಕದ ‘ನ ಬಂಧುರ್ನ ಮಿತ್ರಂ ಗುರುರ್ನೈವ ಶಿಷ್ಯಃ’ ಎಂಬಲ್ಲಿ ಮಾತ್ರ ಪರೀಕ್ಷೆಯೂ ಕೈಕೊಡುತ್ತದೆ. ತನ್ನನ್ನು ಗುರು ಎಂದುಕೊಂಡವರೂ ಇದ್ದಾರೆ, ತನಗೊಬ್ಬ ಗುರು ಇದ್ದಾನೆ ಎನ್ನುವವರೂ ಇದ್ದಾರೆ. ಹಿಂದಿನ ಪಾದದಲ್ಲಿ ‘ಪಿತಾ ನೈವ ಮೇ’ ಎಂದಿರುವುದರಿಂದ ನಾನು ‘ಇಲ್ಲ’ವನ್ನೇ ಮುಂದುವರಿಸಿ, ಇನ್ನೊಂದು ಅರ್ಥವನ್ನು ಟಿಪ್ಪಣಿಯಲ್ಲಿ ಕೊಟ್ಟೆ.

ಗೌಡಪಾದರ ಕಾರಿಕೆಯಲ್ಲಿ ಲೆಕ್ಕ ಬೇರೆ. ‘ನ ನಿರೋಧೋ ನ ಚೋತ್ಪತ್ತಿರ್ನ ಬದ್ಧೋ ನ ಚ ಸಾಧಕಃ’ ಎಂಬ ಸಾಲಿಗೆ ‘ಅಹಂ’ ಆಗಲಿ ‘ಮೇ’ ಆಗಲಿ ಎಲ್ಲಿಂದಲೂ ಬರುವುದಿಲ್ಲ. ‘ಪ್ರಳಯವಿಲ್ಲ, ಹುಟ್ಟಿಲ್ಲ, ಬಂಧನಕ್ಕೆ ಸಿಕ್ಕವನಿಲ್ಲ, ಸಾಧಕನಿಲ್ಲ’ ಎನ್ನಬೇಕು. ‘ಬದ್ಧನಲ್ಲ’ ಎಂದರೆ ಯಾರು ಎಂಬ ಪ್ರಶ್ನೆ ಏಳುತ್ತದೆ, ಆ ‘ಯಾರು’ ಇಲ್ಲವೆಂಬುದೇ ಕಾರಿಕೆಯ ಮಾತು. ‘ನನಗೆ’ ಎಂದು ಸೇರಿಸಿದರೂ ಅದೇ ಕೆಡುಕು.

ಇನ್ನು ‘ಆಗಿದೆ’. ಶ್ಲೋಕದಲ್ಲಿ ಏನೋ ಬಿಟ್ಟುಹೋಗಿದೆ ಎಂಬ ಅಳುಕಿನಿಂದ ‘ಜೀವೋ ಬ್ರಹ್ಮೈವ’ ಎಂಬುದನ್ನು ‘ಜೀವನು ಬ್ರಹ್ಮವೇ ಆಗಿದ್ದಾನೆ’ ಎಂದು ಬರೆಯುವವರಿದ್ದಾರೆ. ಸುತ್ತೋಲೆಯ ವಾಸನೆ ಹೊಡೆಯುತ್ತದೆ ಎಂಬುದು ಸಣ್ಣ ತಕರಾರು. ದೊಡ್ಡದು ಬೇರೆಯೇ ಇದೆ: ‘ಆಗು’ ಎಂಬ ಧಾತು ಬಂದ ಕೂಡಲೇ, ಮೊದಲು ಆಗಿರಲಿಲ್ಲ, ಈಗ ಆಗಿದ್ದಾನೆ ಎಂಬ ಅರ್ಥ ಬೆನ್ನಿಗೆ ಬರುತ್ತದೆ. ಅದ್ವೈತದಲ್ಲಿ ಜೀವ ಬ್ರಹ್ಮವಾಗುವುದಿಲ್ಲ, ಎಂದೆಂದೂ ಬ್ರಹ್ಮವೇ. ‘ಜೀವನು ಬ್ರಹ್ಮವೇ, ಬೇರೆಯಲ್ಲ’ ಎಂದು ಬರಿದಾಗಿ ಬಿಡುವುದೇ ಸರಿ. ಹಾಗೆಯೇ ‘ಜಗನ್ಮಿಥ್ಯಾ’ ಎಂಬುದನ್ನು ‘ಜಗತ್ತು ಇಲ್ಲ’ ಎಂದು ಬಿಡಿಸಬಾರದು. ಮಿಥ್ಯೆಯೆಂದರೆ ಕಾಣದೇ ಇರುವುದಲ್ಲ, ಕಾಣುತ್ತಿದ್ದರೂ ಪರಮಾರ್ಥದಲ್ಲಿ ನಿಜವಲ್ಲದ್ದು.

ಕ್ರಿಯಾಪದ ಬೇಡವಾದ ಕಡೆಯಲ್ಲೂ ಯಾವುದು ಉದ್ದೇಶ್ಯ, ಯಾವುದು ವಿಧೇಯ ಎಂಬುದನ್ನು ನೋಡಲೇಬೇಕು. ಸಂಸ್ಕೃತದಲ್ಲಿ ವಿಧೇಯ ಮೊದಲು ಬರಬಹುದು, ಕನ್ನಡದಲ್ಲಿ ಅದಕ್ಕೆ ಕೊನೆಯ ಜಾಗ. ಗೀತೆಯ ‘ಬ್ರಹ್ಮಾರ್ಪಣಂ ಬ್ರಹ್ಮ ಹವಿಃ’ (4.24) ಎಂಬಲ್ಲಿ ‘ಬ್ರಹ್ಮ ಅರ್ಪಣಂ’ ಸಮಾಸವಲ್ಲ, ಎರಡು ಬಿಡಿ ಪದಗಳು ಎಂದು ಶಂಕರಭಾಷ್ಯ ಮೊದಲೇ ಎಚ್ಚರಿಸುತ್ತದೆ. ಬೆಳ್ಳಿಯಾಗಿ ಕಂಡದ್ದು ಚಿಪ್ಪೇ ಎನ್ನುವ ಹಾಗೆ, ಅರ್ಪಿಸುವ ಸಾಧನವಾಗಿ ಕಂಡದ್ದು ಬ್ರಹ್ಮವೇ. ಮೂಲದ ಕ್ರಮವನ್ನೇ ಇಟ್ಟು ‘ಬ್ರಹ್ಮವು ಅರ್ಪಣ, ಬ್ರಹ್ಮವು ಹವಿಸ್ಸು’ ಎಂದರೆ ಚಿಪ್ಪನ್ನು ಬೆಳ್ಳಿಯೆಂದಂತಾಗುತ್ತದೆ. ನಾನು ಕ್ರಮವನ್ನು ತಿರುಗಿಸಿ, ಭಾಷ್ಯ ಕೊಟ್ಟ ‘ಏವ’ಕಾರವನ್ನು ಉಳಿಸಿಕೊಂಡೆ: ‘ಅರ್ಪಿಸುವ ಸಾಧನವೂ ಬ್ರಹ್ಮವೇ, ಹವಿಸ್ಸೂ ಬ್ರಹ್ಮವೇ.’