ರಾಜಹಂಸಗಡದ ನಸುಕಿನ ಚಳಿಗೆ ಮೂರು ಪದರದ ಉಡುಪು: ನನ್ನ ಅನುಭವ

ಬೆಳಗಾವಿಯಿಂದ ಯಳ್ಳೂರಿಗೆ ಹೋಗಿ, ಅಲ್ಲಿಂದ ರಾಜಹಂಸಗಡವನ್ನು ಸೂರ್ಯೋದಯಕ್ಕೆ ಮುಂಚೆ ಕಾಲ್ನಡಿಗೆಯಲ್ಲಿ ಹತ್ತುವುದು ಹಲವು ಚಳಿಗಾಲಗಳಿಂದ ನನ್ನ ರೂಢಿಯಾಗಿದೆ. ಮೊದಲ ವರ್ಷ ಹತ್ತಿಯ ಬನಿಯನ್, ಅದರ ಮೇಲೆ ದಪ್ಪ ಸ್ವೆಟರ್, ಎಲ್ಲಕ್ಕೂ ಮೇಲೆ ರೆಗ್ಜಿನ್ ಜಾಕೆಟ್ ತೊಟ್ಟು ಹೊರಟಿದ್ದೆ. ಏರುವಾಗ ಬೆವರಿನಲ್ಲಿ ತೊಯ್ದು, ಬುರುಜಿನ ಮೇಲೆ ನಿಂತ ಹತ್ತೇ ನಿಮಿಷದಲ್ಲಿ ಹಲ್ಲು ಕಟಕಟಿಸುವಷ್ಟು ನಡುಗಿದೆ. ಬಟ್ಟೆ ಸಾಲದೆಂದು ಭಾವಿಸಿ ಮುಂದಿನ ವಾರ ಇನ್ನೊಂದು ಸ್ವೆಟರ್ ಏರಿಸಿದೆ; ನಡುಕ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಕಾರಣ ತಿಳಿದದ್ದು ಅಡುಗೆಮನೆಯ ತಕ್ಕಡಿಯಲ್ಲಿ. ಒಣಗಿದಾಗ 120 ಗ್ರಾಂ ತೂಗುತ್ತಿದ್ದ ಬನಿಯನ್, ಒಂದು ಏರಿಕೆಯ ನಂತರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದು ತೂಗಿದಾಗ 190 ಗ್ರಾಂ ಇತ್ತು. ಆ 70 ಗ್ರಾಂ ಬೆವರು ಮೈಮೇಲೆಯೇ ಆರಬೇಕಾದರೆ, ಎರಡು ಲೀಟರ್ ನೀರನ್ನು ಸುಮಾರು 20 ಡಿಗ್ರಿಯಷ್ಟು ಬಿಸಿಮಾಡುವ ಶಾಖ ಬೇಕು, ಮತ್ತು ಅದರ ಬಹುಭಾಗ ನಮ್ಮ ದೇಹದಿಂದಲೇ ಹೋಗುತ್ತದೆ. ಏರುವಾಗ ದೇಹ ಆ ಶಾಖವನ್ನು ಧಾರಾಳವಾಗಿ ಹುಟ್ಟಿಸುತ್ತದೆ. ನಿಂತ ಕೂಡಲೇ ಹುಟ್ಟುವಳಿ ಇಳಿಯುತ್ತದೆ, ಆದರೆ ಒದ್ದೆ ಬಟ್ಟೆಯ ಎಳೆತ ನಿಲ್ಲುವುದಿಲ್ಲ.

ಆದ್ದರಿಂದ ಮೈಗೆ ತಾಗುವ ಪದರದ ಕೆಲಸ ಬೆಚ್ಚಗಿಡುವುದಲ್ಲ, ಬೆವರನ್ನು ಚರ್ಮದಿಂದ ಹೊರಕ್ಕೆ ಹರಡಿ ಬೇಗ ಆರಿಸುವುದು. ಹತ್ತಿಯ ನೂಲು ನೀರನ್ನು ತನ್ನೊಳಗೇ ಹೀರಿ ಹಿಡಿದುಕೊಳ್ಳುತ್ತದೆ; ಪಾಲಿಯೆಸ್ಟರ್ ನೂಲು ತಾನು ಹೀರದೆ, ಎಳೆಗಳ ನಡುವಿನ ಸಂದಿಯಲ್ಲಿ ಸಾಗಿಸುತ್ತದೆ. ನಾನು ಈಗ ತೊಡುವುದು ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುವ ತೆಳುವಾದ, ಉದ್ದ ತೋಳಿನ ಪಾಲಿಯೆಸ್ಟರ್ ಟೀ ಶರ್ಟ್. ಅದು ಮೈಗೆ ಅಂಟಿದಂತಿರಬೇಕು. ಸಡಿಲವಾಗಿದ್ದರೆ ಬೆವರು ಬಟ್ಟೆಯನ್ನು ಮುಟ್ಟುವುದೇ ಇಲ್ಲ.

ನಡುವಿನ ಪದರ ಹಿಡಿದಿಡುವುದು ಗಾಳಿಯನ್ನು. ಫ್ಲೀಸ್ ಅಥವಾ ಉಣ್ಣೆಯ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿಯೇ ನಿಜವಾದ ಬೆಚ್ಚಗೆ. ಅದರ ಮೇಲೆ ಬಿಗಿಯಾದ ಜಾಕೆಟ್ ತೊಟ್ಟರೆ ಫ್ಲೀಸ್ ಒತ್ತಿಹೋಗಿ ಆ ಗಾಳಿ ಕಡಿಮೆಯಾಗುತ್ತದೆ. ಬೀಸುವ ಗಾಳಿಗೆ ತೆರೆದಿಟ್ಟರೆ ಅದು ಹಾರಿಯೇ ಹೋಗುತ್ತದೆ. ಹೊರಪದರದ ಅಗತ್ಯ ಇಷ್ಟೇ: ಮೂಡಲ ಗಾಳಿಯನ್ನು ತಡೆಯುವ, ಒಳಗಿನದನ್ನು ಹಿಸುಕದಷ್ಟು ದೊಡ್ಡದಾದ, ಮುಂದೆ ಪೂರ್ತಿ ಜಿಪ್ ಇರುವ ತೆಳು ವಿಂಡ್‌ಚೀಟರ್. ನಮ್ಮ ಭಾಗದ ಕುರುಬರು ಕಂಬಳಿಯ ಕೊಪ್ಪೆಯನ್ನು ತಲೆಯ ಮೇಲಿಂದ ಇಳಿಬಿಟ್ಟುಕೊಳ್ಳುವಾಗ ನಡುವಿನ ಹಾಗೂ ಹೊರಗಿನ ಪದರಗಳೆರಡೂ ಒಂದೇ ಆಗುತ್ತವೆ. ನಿಧಾನವಾಗಿ ಕುರಿ ಕಾಯುವವರಿಗೆ ಅದು ಒಪ್ಪುತ್ತದೆ. ಏರುವವನಿಗೆ ಪದರಗಳು ಬೇರೆ ಬೇರೆಯಾಗಿರಲೇಬೇಕು, ಏಕೆಂದರೆ ಅವನ್ನು ಬೇಕಾದಾಗ ತೆಗೆದು ತೊಡುವುದರಲ್ಲೇ ಎಲ್ಲವೂ ಇದೆ.

ಕಳೆದ ಜನವರಿಯ ಒಂದು ನಸುಕನ್ನೇ ಹೇಳುತ್ತೇನೆ. ಐದೂವರೆಗೆ ಯಳ್ಳೂರಿನಲ್ಲಿ 12 ಡಿಗ್ರಿ ಇತ್ತು. ಟೀ ಶರ್ಟ್ ಮತ್ತು ಫ್ಲೀಸ್ ತೊಟ್ಟು, ವಿಂಡ್‌ಚೀಟರನ್ನು ಚೀಲದ ಮೇಲ್ಭಾಗದಲ್ಲೇ ಇಟ್ಟುಕೊಂಡು ಹೊರಟೆ. ಗದ್ದೆಗಳ ನಡುವೆ ತುಸು ಚಳಿ ಅನ್ನಿಸಿತು. ಹೊರಡುವಾಗ ಹಾಗೆ ಅನ್ನಿಸುವುದೇ ಸರಿ. ಏರು ಶುರುವಾಗಿ ಹತ್ತು ನಿಮಿಷಕ್ಕೆ, ಬೆವರು ಮೂಡುವ ಮೊದಲೇ, ಫ್ಲೀಸ್ ಕಳಚಿ ಚೀಲಕ್ಕೆ ಹಾಕಿದೆ. ಜೊತೆಗಿದ್ದ ಅಣ್ಣನ ಮಗ ತೆಗೆಯಲು ಒಪ್ಪಲಿಲ್ಲ. ಅರ್ಧ ದಾರಿಯಲ್ಲಿ, "ಕಾಕಾ, ಬೆನ್ನೆಲ್ಲಾ ಹಸಿ ಆಗೇತ್ರಿ" ಎಂದ. ಚೀಲ ಒತ್ತುವ ಬೆನ್ನಿನ ಭಾಗವೇ ಮೊದಲು ತೋಯುತ್ತದೆ, ಆದ್ದರಿಂದ ಆಗಾಗ ಚೀಲದಡಿ ಕೈ ಹಾಕಿ ನೋಡುವುದು ನನ್ನ ಪರೀಕ್ಷೆ.

ಕೋಟೆಯ ಬಾಗಿಲು ದಾಟಿದೊಡನೆ ನಾನು ನೋಟಕ್ಕೆ ನಿಲ್ಲುವುದಿಲ್ಲ. ಗೋಡೆಯ ಮರೆಯಲ್ಲಿ, ಎರಡು ನಿಮಿಷದೊಳಗೆ, ದೇಹದಲ್ಲಿ ಏರಿಕೆಯ ಬಿಸಿ ಇನ್ನೂ ಇರುವಾಗಲೇ ಫ್ಲೀಸ್, ಅದರ ಮೇಲೆ ವಿಂಡ್‌ಚೀಟರ್ ತೊಟ್ಟು ಜಿಪ್ಪನ್ನು ಗಂಟಲಿನವರೆಗೆ ಎಳೆಯುತ್ತೇನೆ. ಚಳಿ ಹತ್ತಿದ ಮೇಲೆ ತೊಟ್ಟರೆ ಆ ಪದರಗಳಿಗೆ ಹಿಡಿದಿಡಲು ಬಿಸಿಯೇ ಉಳಿದಿರುವುದಿಲ್ಲ. ಅಂದು ಒಳಗಿನ ಟೀ ಶರ್ಟಿನ ತೇವ ಕಾಲು ಗಂಟೆಯಲ್ಲಿ ಬಹುತೇಕ ಆರಿತ್ತು. ಹುಡುಗನ ಅಂಗಿ ಆರುವ ಲಕ್ಷಣ ಕಾಣದಿದ್ದರಿಂದ, ಚೀಲದಲ್ಲಿ ಸದಾ ಇಟ್ಟಿರುವ ಒಣ ಟೀ ಶರ್ಟನ್ನು ತೊಡಿಸಿದೆ.

ಹತ್ತುವಾಗ ಜಡಿಮಳೆ ಹಿಡಿದರೆ ಈ ಏರ್ಪಾಡು ಸಾಲದು: ತೆಳು ವಿಂಡ್‌ಚೀಟರ್ ನೆನೆಯುತ್ತದೆ, ರೇನ್‌ಕೋಟ್ ತೊಟ್ಟರೆ ಬೆವರು ಹೊರಹೋಗದೆ ಒಳಬದಿಯಲ್ಲಿ ಹನಿಗಟ್ಟುತ್ತದೆ. ಹಾಗಾದಾಗ ನಾನು ಫ್ಲೀಸ್ ಒಣಗಿರುವಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು, ಟೀ ಶರ್ಟಿನ ಮೇಲೆ ರೇನ್‌ಕೋಟ್ ಮಾತ್ರ ತೊಟ್ಟು, ಬೆವರದಷ್ಟು ನಿಧಾನವಾಗಿ ಇಳಿದುಬಿಡುತ್ತೇನೆ.