ಸ್ಥಿರೋಷ್ಣ ವಿಸ್ತರಣೆಯ ಕೊನೆಯ ತಾಪಮಾನವನ್ನು ನಾನು ಲೆಕ್ಕ ಹಾಕುವ ಬಗೆ

ಆದರ್ಶ ಅನಿಲವೊಂದು ರಿವರ್ಸಿಬಲ್ ಆಗಿ, ಹೊರಗಿನೊಡನೆ ಉಷ್ಣದ ಕೊಡುಕೊಳ್ಳುವಿಕೆ ಇಲ್ಲದೆ ಹಿಗ್ಗುವ ಲೆಕ್ಕಗಳನ್ನು ಹಲವು ವರ್ಷಗಳಿಂದ ತರಗತಿಯಲ್ಲಿ ಬಿಡಿಸುತ್ತಾ ಬಂದಿದ್ದೇನೆ. ಇಲ್ಲಿ ನಾನು ಮೊದಲು ನೋಡುವುದು ಸೂತ್ರವನ್ನಲ್ಲ. ಅಂತಿಮ ಸ್ಥಿತಿಯ ಬಗ್ಗೆ ಒತ್ತಡವನ್ನು ಕೊಟ್ಟಿದ್ದಾರೆಯೇ, ಗಾತ್ರವನ್ನು ಕೊಟ್ಟಿದ್ದಾರೆಯೇ ಎಂಬುದನ್ನು. ಘಾತಾಂಕ ಯಾವುದಾಗಬೇಕು ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಒಂದು ಮೋಲ್ ನೈಟ್ರೋಜನ್ 300 ಕೆಲ್ವಿನ್ ತಾಪಮಾನದಲ್ಲಿ, 10 ಬಾರ್ ಒತ್ತಡದಲ್ಲಿದೆ ಎಂದುಕೊಳ್ಳೋಣ. ಅದು ರಿವರ್ಸಿಬಲ್ ಆಗಿ, ಸ್ಥಿರೋಷ್ಣವಾಗಿ 1 ಬಾರ್‌ಗೆ ಇಳಿಯುವಷ್ಟು ಹಿಗ್ಗುತ್ತದೆ. ಉಷ್ಣ ಒಳಗೆ ಬರದ ಕಾರಣ ಅನಿಲವು ಮಾಡುವ ಕೆಲಸಕ್ಕೆ ಬೇಕಾದ ಶಕ್ತಿ ಅದರ ಆಂತರಿಕ ಶಕ್ತಿಯಿಂದಲೇ ಬರಬೇಕು. ಆದರ್ಶ ಅನಿಲದ ಆಂತರಿಕ ಶಕ್ತಿ ತಾಪಮಾನವೊಂದನ್ನೇ ಅವಲಂಬಿಸಿರುವುದರಿಂದ ಅನಿಲ ತಣ್ಣಗಾಗುತ್ತದೆ. ವಿಸ್ತರಣೆಯ ಒಂದು ಸಣ್ಣ ಹೆಜ್ಜೆಗೆ ಇದನ್ನು ಹೀಗೆ ಬರೆಯುತ್ತೇನೆ:

Cv dT = −P dV

ರಿವರ್ಸಿಬಲ್ ಎಂಬ ಷರತ್ತು ಕೆಲಸಕ್ಕೆ ಬರುವುದು ಇಲ್ಲಿಯೇ. ಹೊರಗಿನ ಒತ್ತಡ ಪ್ರತಿ ಹೆಜ್ಜೆಯಲ್ಲೂ ಅನಿಲದ ಒತ್ತಡಕ್ಕೆ ಸಮವಾಗಿರುವುದರಿಂದ ಮಾತ್ರ P ಇದ್ದಲ್ಲಿ RT/V ಎಂದು ಬರೆಯಲು ಸಾಧ್ಯ. ಹಾಗೆ ಬರೆದು, T ಮತ್ತು V ಗಳನ್ನು ಬೇರ್ಪಡಿಸಿ ಅನುಕಲಿಸಿದರೆ ಗಾತ್ರದ ಸಂಬಂಧ ಸಿಗುತ್ತದೆ. ಅನಿಲ ಸಮೀಕರಣದಿಂದ ಗಾತ್ರವನ್ನು ತೆಗೆದುಹಾಕಿದರೆ ಒತ್ತಡದ ಸಂಬಂಧ ಸಿಗುತ್ತದೆ:

T2 = T1 (V1/V2)^(γ−1)

T2 = T1 (P2/P1)^((γ−1)/γ)

ನೈಟ್ರೋಜನ್‌ನಂಥ ದ್ವಿಪರಮಾಣು ಅನಿಲಕ್ಕೆ γ = 1.4. ಒತ್ತಡ ಕೊಟ್ಟಿರುವುದರಿಂದ ಘಾತಾಂಕ 0.4/1.4, ಅಂದರೆ 0.2857. 0.1ರ ಆ ಘಾತ 0.518 ಆಗುವುದರಿಂದ ಕೊನೆಯ ತಾಪಮಾನ ಸುಮಾರು 155 ಕೆಲ್ವಿನ್.

ಹೆಚ್ಚಿನ ವಿದ್ಯಾರ್ಥಿಗಳು ಎಡವುವುದು ಈ ಘಾತಾಂಕದಲ್ಲಿ. ಒತ್ತಡದ ಅನುಪಾತಕ್ಕೆ 0.4ನ್ನೇ ಹಾಕಿಬಿಟ್ಟರೆ 119 ಕೆಲ್ವಿನ್ ಬರುತ್ತದೆ. ಅದೂ ನಂಬುವಂತೆಯೇ ಕಾಣುವ ಸಂಖ್ಯೆಯಾದ್ದರಿಂದ, ಉತ್ತರವನ್ನು ಬೇರೊಂದು ದಾರಿಯಿಂದ ಪರಿಶೀಲಿಸದೆ ನಾನು ಬಿಡುವುದಿಲ್ಲ. ರಿವರ್ಸಿಬಲ್ ಸ್ಥಿರೋಷ್ಣ ಪ್ರಕ್ರಿಯೆಯಲ್ಲಿ ಎಂಟ್ರೊಪಿ ಬದಲಾಗುವುದಿಲ್ಲ, ಆದ್ದರಿಂದ Cp ln(T2/T1) ಮತ್ತು R ln(P2/P1) ಸಮವಾಗಿರಬೇಕು. Cp = 3.5R ಎಂದು ತೆಗೆದುಕೊಂಡರೆ, ತಾಪಮಾನದ ಅನುಪಾತ 0.518 ಇದ್ದಾಗ ಎಡಬದಿ −2.30R, ಬಲಬದಿಯೂ −2.30R. 119 ಕೆಲ್ವಿನ್ ಹಾಕಿ ನೋಡಿದರೆ ಎಡಬದಿ −3.2Rಗೆ ಹೋಗುತ್ತದೆ, ಅಂದರೆ ಉಷ್ಣವನ್ನು ಹೊರಬಿಡದೆಯೇ ಅನಿಲದ ಎಂಟ್ರೊಪಿ ಇಳಿಯಿತು ಎಂದಾಗುತ್ತದೆ. ಹಾಗಾಗಲು ಎರಡನೇ ನಿಯಮ ಬಿಡುವುದಿಲ್ಲ.

ಇದೇ ಆರಂಭದಿಂದ, ಇದೇ 1 ಬಾರ್‌ಗೆ, ಆದರೆ ರಿವರ್ಸಿಬಲ್ ಅಲ್ಲದ ರೀತಿಯಲ್ಲಿ ಹಿಗ್ಗಿಸಿದರೆ ಏನಾಗುತ್ತದೆ ಎಂಬುದನ್ನು ನಾನು ತಪ್ಪದೆ ಪಕ್ಕದಲ್ಲೇ ಬಿಡಿಸಿ ತೋರಿಸುತ್ತೇನೆ, ಏಕೆಂದರೆ ಷರತ್ತಿನ ಬೆಲೆ ಆಗಲೇ ತಿಳಿಯುವುದು. ಪಿಸ್ಟನ್ನಿನ ಮೇಲಿನ ಒತ್ತಡವನ್ನು ಒಮ್ಮೆಲೇ 1 ಬಾರ್‌ಗೆ ಇಳಿಸಿದರೆ ಕೆಲಸ P2(V2−V1) ಮಾತ್ರ. ಆಗ 2.5(T1−T2) = T2 − 0.1T1 ಆಗಿ, T2 ಸುಮಾರು 223 ಕೆಲ್ವಿನ್ ಎಂದು ಬರುತ್ತದೆ. ಹೊರಗಿನ ಒತ್ತಡ ಉದ್ದಕ್ಕೂ ಕಡಿಮೆಯಿದ್ದುದರಿಂದ ಅನಿಲ ಮಾಡಿದ ಕೆಲಸ ಕಡಿಮೆ, ಆದ್ದರಿಂದ ತಣ್ಣಗಾದದ್ದೂ ಕಡಿಮೆ. ನಿರ್ವಾತದೊಳಕ್ಕೆ ಹಿಗ್ಗಲು ಬಿಟ್ಟರೆ ಕೆಲಸವೇ ಇಲ್ಲ, ತಾಪಮಾನ 300 ಕೆಲ್ವಿನ್‌ನಲ್ಲೇ ನಿಲ್ಲುತ್ತದೆ. ಹೀಗಾಗಿ ಈ ಆರಂಭ ಸ್ಥಿತಿಯಿಂದ 1 ಬಾರ್‌ಗೆ ಸ್ಥಿರೋಷ್ಣವಾಗಿ ಇಳಿಯುವ ಯಾವ ದಾರಿಯಲ್ಲೂ 155 ಕೆಲ್ವಿನ್‌ಗಿಂತ ಕೆಳಗೆ ಹೋಗಲಾಗದು. ಲೆಕ್ಕದ ವಾಕ್ಯದಲ್ಲಿ ‘ಸ್ಥಿರ ಬಾಹ್ಯ ಒತ್ತಡದ ವಿರುದ್ಧ’ ಎಂದಿದ್ದರೆ γ ಘಾತಾಂಕದ ಸೂತ್ರವನ್ನು ಮುಟ್ಟಲೇಬಾರದು.

ತಾಪಮಾನವನ್ನು ಕೆಲ್ವಿನ್‌ನಲ್ಲೇ ಇಡಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದುದು, ಉತ್ತರ ಬಂದ ಮೇಲೆ ಆ ತಾಪಮಾನದಲ್ಲಿ ವಸ್ತು ಇನ್ನೂ ಅನಿಲವಾಗಿಯೇ ಇದೆಯೇ ಎಂದು ನೋಡುವುದು. ಸುಮಾರು 1 ಬಾರ್ ಒತ್ತಡದಲ್ಲಿ ನೈಟ್ರೋಜನ್ ದ್ರವವಾಗುವುದು 77 ಕೆಲ್ವಿನ್‌ನಲ್ಲಿ. 155 ಅದಕ್ಕಿಂತ ಸಾಕಷ್ಟು ಮೇಲಿದೆ, ಮತ್ತು ಈ ವ್ಯಾಪ್ತಿಯಲ್ಲಿ ಅದರ Cp ಹೆಚ್ಚುಕಡಿಮೆ ಸ್ಥಿರವಾಗಿಯೇ ಇರುತ್ತದೆ. ಅದೇ ಲೆಕ್ಕವನ್ನು ಇಂಗಾಲದ ಡೈಆಕ್ಸೈಡಿಗೆ, 300 ಕೆಲ್ವಿನ್‌ನಲ್ಲಿನ γ = 1.29 ಇಟ್ಟುಕೊಂಡು ಮಾಡಿದರೆ ಸುಮಾರು 179 ಕೆಲ್ವಿನ್ ಬರುತ್ತದೆ. ಆದರೆ ವಾಯುಮಂಡಲದ ಒತ್ತಡದಲ್ಲಿ ಅದು 195 ಕೆಲ್ವಿನ್ ಹತ್ತಿರವೇ ಘನ ರೂಪಕ್ಕೆ ತಿರುಗುತ್ತದೆ. ಜೊತೆಗೆ ತಣ್ಣಗಾದಂತೆ ಅದರ Cp ಇಳಿಯುವುದರಿಂದ γ ಕೂಡ ಒಂದೇ ಆಗಿ ಉಳಿಯುವುದಿಲ್ಲ. ಹಾಗಾಗಿ ಆ 179ನ್ನು ಉತ್ತರವೆಂದು ಬರೆಯಲು ನಾನು ಒಪ್ಪುವುದಿಲ್ಲ. ಆದರ್ಶ ಅನಿಲದ ಊಹೆ ಅಲ್ಲಿಯವರೆಗೆ ನಿಲ್ಲುವುದಿಲ್ಲ ಎಂದಷ್ಟೇ ಬರೆಸುತ್ತೇನೆ.